‘ರುಚಿಗೆ ತಕ್ಕಷ್ಟು’ ಅನ್ನೋ ಸೋಮಾರಿತನ

ಕನ್ನಡದ ಅಡುಗೆ ಪುಸ್ತಕಗಳಲ್ಲಿ ಅತಿ ಹೆಚ್ಚು ಸಲ ಅಚ್ಚಾಗಿರೋ ಸಾಲು ಯಾವುದು ಅಂತ ಯಾರಾದ್ರೂ ಲೆಕ್ಕ ಹಾಕಿದ್ರೆ, ‘ಉಪ್ಪು: ರುಚಿಗೆ ತಕ್ಕಷ್ಟು’ ಅನ್ನೋದೇ ಗೆಲ್ಲುತ್ತೆ. ಸಾರಿಗೆ ಆ ಸಾಲು ಸಾಕು. ಕಮ್ಮಿಯಾದ್ರೆ ಮೇಲೆ ಒಂದು ಚಿಟಿಕೆ ಹಾಕ್ಕೋತೀವಿ, ಜಾಸ್ತಿಯಾದ್ರೆ ನೀರು ಬೆರೆಸ್ತೀವಿ. ಆದರೆ ಅದೇ ಸಾಲನ್ನು ಎಲೆಕೋಸು, ಕ್ಯಾರೆಟ್ ಹುಳಿ ಬರಿಸೋ ಕಡೆಗೂ ಎತ್ಕೊಂಡು ಬಂದಿದ್ದಾರಲ್ಲ, ನನ್ನ ತಕರಾರು ಅಲ್ಲಿಂದ ಶುರು. ಉಪ್ಪುನೀರಿನ ಜಾಡಿಯಲ್ಲಿ ಉಪ್ಪು ಇರೋದು ರುಚಿಗಲ್ಲ. ಅದು ಬಾಗಿಲು ಕಾಯೋ ಕೆಲಸಕ್ಕೆ ಇರೋದು. ಯಾವ ಸೂಕ್ಷ್ಮಜೀವಿ ಒಳಗೆ ಬೆಳೀಬೇಕು, ಯಾವುದು ಬೆಳೀಬಾರದು ಅಂತ ಅದು ತೀರ್ಮಾನ ಮಾಡುತ್ತೆ. ಬಾಗಿಲು ಕಾಯೋನನ್ನ ‘ರುಚಿಗೆ ತಕ್ಕಷ್ಟು’ ನೇಮಕ ಮಾಡಿದ್ರೆ ಏನಾಗುತ್ತೋ ಜಾಡಿಯಲ್ಲೂ ಅದೇ ಆಗುತ್ತೆ.

ಈ ಮಾತು ಎತ್ತಿದ ಕೂಡಲೇ ಆಫೀಸಿನ ಊಟದ ಟೇಬಲ್ಲಿನಲ್ಲಿ ಒಬ್ಬರಾದ್ರೂ ಹೇಳ್ತಾರೆ: ‘ನಮ್ಮಜ್ಜಿ ಯಾವತ್ತೂ ತಕ್ಕಡಿ ಹಿಡಿದವರಲ್ಲ ಕಣ್ರೀ, ಎಲ್ಲಾ ಕೈಯಂದಾಜು. ಹಳ್ಳಿಯವರ ಕೈಗುಣ ಅದು. ನೀವು ಇಂಜಿನಿಯರುಗಳು ಎಲ್ಲದಕ್ಕೂ ನಂಬರ್ ತರ್ತೀರ.’ ಹೀಗೆ ಹೇಳೋರಲ್ಲಿ ಬಹಳ ಜನ ಹಳ್ಳಿ ನೋಡಿರೋದು ಬೇಸಿಗೆ ರಜೆಯಲ್ಲಿ. ನಾನು ಹುಣಸೂರು ತಾಲೂಕಿನ ಹಳ್ಳಿಯಲ್ಲಿ ಬೆಳೆದವನು. ನಮ್ಮ ಕಡೆ ನಂಬರ್ ಇಲ್ಲದ ಬದುಕನ್ನ ನಾನು ಕಂಡೇ ಇಲ್ಲ.

ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೇಯಿಸೋ ಬ್ಯಾರನ್ ಒಳಗೆ ಥರ್ಮಾಮೀಟರ್ ನೇತು ಹಾಕಿರ್ತಾರೆ. ಎಲೆ ಹಳದಿ ತಿರುಗೋವರೆಗೆ ಫ್ಯಾರನ್‌ಹೀಟ್ ಲೆಕ್ಕದಲ್ಲಿ ನೂರರ ಆಸುಪಾಸು, ಕೊನೆಗೆ ಕಡ್ಡಿ ಒಣಗಿಸೋಕೆ ನೂರಾ ಅರವತ್ತರ ಹತ್ತಿರ. ನಡುವೆ ಹಂತಹಂತವಾಗಿ ಏರಿಸಬೇಕು, ಅದಕ್ಕೋಸ್ಕರ ಮನೆಯವರೊಬ್ಬರು ರಾತ್ರಿಯೆಲ್ಲ ಸೌದೆ ಒಟ್ಟುತ್ತಾ ಕೂತಿರ್ತಾರೆ. ಕೆ.ಆರ್. ನಗರದ ಭತ್ತಕ್ಕೆ ಸರ್ಕಾರದ ಖರೀದಿ ಕೇಂದ್ರದಲ್ಲಿ ತೇವಾಂಶ ಶೇ. 17 ದಾಟಿದ್ರೆ ಮೂಟೆ ವಾಪಸ್ಸು. ಎಚ್.ಡಿ. ಕೋಟೆ ಕಡೆ ಮಿಡಿಸೌತೆ ಹಾಕಿದವರನ್ನ ಕೇಳಿ, ಒಂದು ಕೆಜಿಗೆ ಎಷ್ಟು ಕಾಯಿ ತೂಗುತ್ತೆ ಅನ್ನೋದರ ಮೇಲೆ ದರ್ಜೆ, ದರ್ಜೆಯ ಮೇಲೆ ದುಡ್ಡು. ಒಂದು ದಿನ ತಡವಾಗಿ ಕಿತ್ತರೆ ಕಾಯಿ ಉಬ್ಬಿ ದರ್ಜೆ ಇಳಿಯುತ್ತೆ. ಆ ಕಾಯಿ ಪೀಪಾಯಿ ಸೇರಿ ಹಡಗು ಹತ್ತಿ ಪರದೇಶಕ್ಕೆ ಹೋಗುವಾಗ ಅದರ ಉಪ್ಪು, ಹುಳಿ ಎರಡನ್ನೂ ಅಳೆದೇ ಕಳಿಸ್ತಾರೆ. ಹಳ್ಳಿ ಅಂದರೆ ಅಂದಾಜು ಅನ್ನೋದು ಪಟ್ಟಣದವರ ಕಲ್ಪನೆ.

ಹಾಗಾದ್ರೆ ಅಜ್ಜಿ ಉಪ್ಪಿನಕಾಯಿಗೆ ತೂಕ ಹಾಕ್ತಿರಲಿಲ್ಲ ಅನ್ನೋದು ಸುಳ್ಳಾ? ಸುಳ್ಳಲ್ಲ. ಆದರೆ ಯಾಕೆ ಹಾಕ್ತಿರಲಿಲ್ಲ ಅಂತ ನೋಡಬೇಕು. ಮಾವಿನಮಿಡಿಗೆ ಉಪ್ಪು ಹಾಕೋದು ತೂಕದ ಶೇ. 15, 20ರ ಲೆಕ್ಕದಲ್ಲಿ. ಅಷ್ಟು ಉಪ್ಪಿನಲ್ಲಿ ಹೆಚ್ಚುಕಮ್ಮಿ ಯಾವ ಸೂಕ್ಷ್ಮಜೀವಿಯೂ ತಲೆ ಎತ್ತಲ್ಲ. ಒಂದು ಹಿಡಿ ಹೆಚ್ಚಾದ್ರೂ ಕಮ್ಮಿಯಾದ್ರೂ ಕಾಯಿ ಉಳಿಯುತ್ತೆ. ಅಂದಾಜು ತಪ್ಪಿದ್ರೂ ಕಾಪಾಡೋದು ಉಪ್ಪಿನ ರಾಶಿ. ದೋಸೆ ಹಿಟ್ಟು ತಗೊಳ್ಳಿ. ಹುಳಿ ಹೆಚ್ಚಾಗಲಿ, ಕಮ್ಮಿಯಾಗಲಿ, ಕೊನೆಗೆ ಕಾದ ಕಾವಲಿ ಮೇಲೆ ಬೇಯುತ್ತೆ. ಅಲ್ಲಿ ಕಾಪಾಡೋದು ಬೆಂಕಿ. ಮೊಸರಿನಲ್ಲಿ ಹಾಲು ಕಾಯಿಸಿ, ಗೊತ್ತಿರೋ ಹೆಪ್ಪು ಹಾಕ್ತೀವಿ. ಅಲ್ಲಿ ಕಾಪಾಡೋದು ಹೆಪ್ಪು. ಎಲೆಕೋಸಿನ ಜಾಡಿಯಲ್ಲಿ ಈ ಮೂರೂ ಇಲ್ಲ. ರಾಶಿ ಉಪ್ಪಿಲ್ಲ, ಬೆಂಕಿ ಇಲ್ಲ, ಹೆಪ್ಪಿಲ್ಲ. ಎಲೆಯ ಮೇಲೆ ಮೊದಲೇ ಇರೋ ನೂರಾರು ಬಗೆಯ ಜೀವಿಗಳಲ್ಲಿ ನಮಗೆ ಬೇಕಾದ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಮುಂದೆ ಬರಬೇಕು, ಕೊಳೆಸೋ ಜೀವಿಗಳು ಹಿಂದೆ ಉಳೀಬೇಕು. ಅದನ್ನ ಮಾಡೋಕೆ ಇರೋದು ಎರಡೇ: ಸರಿಯಾದ ಉಪ್ಪಿನ ಪ್ರಮಾಣ, ಗಾಳಿ ತಾಕದ ಹಾಗೆ ನೀರೊಳಗೆ ಮುಳುಗಿಸಿಡೋದು. ಉಪ್ಪಿನಕಾಯಿಯ ಅಂದಾಜನ್ನ ಇಲ್ಲಿಗೆ ತಂದು ‘ಅಜ್ಜಿ ವಿದ್ಯೆ’ ಅನ್ನೋದು ಅಜ್ಜಿಗೇ ಮಾಡೋ ಅವಮಾನ. ಅಜ್ಜಿ ಬೆರಳಲ್ಲಿ ಲೆಕ್ಕ ಹಾಕ್ತಿದ್ದದ್ದು ತನ್ನ ಪಾವು, ತನ್ನ ಜಾಡಿ, ತನ್ನ ಕಲ್ಲುಪ್ಪಿಗೆ. ನಮ್ಮ ಫ್ಲಾಟಿನಲ್ಲಿ ಆ ಪಾವೂ ಇಲ್ಲ, ಆ ಜಾಡಿಯೂ ಇಲ್ಲ.

ಸರಿ, ಪ್ರಮಾಣ ಎಷ್ಟು? ಶೇ. 2ರಿಂದ 3. ಎರಡಕ್ಕಿಂತ ಕೆಳಗಿಳಿದ್ರೆ ತರಕಾರಿ ಬೇಗ ಮೆತ್ತಗಾಗುತ್ತೆ, ಕೊಳೆಸೋ ಜೀವಿಗಳಿಗೂ ಜಾಗ ಸಿಗುತ್ತೆ. ಐದು ದಾಟಿದ್ರೆ ನಮಗೆ ಬೇಕಾದ ಬ್ಯಾಕ್ಟೀರಿಯಾನೇ ಮಂದ ಆಗುತ್ತೆ, ತಿನ್ನೋಕೂ ಆಗಲ್ಲ. ಇಷ್ಟು ಬಹಳ ಜನಕ್ಕೆ ಗೊತ್ತು. ಎಡವೋದು ಮುಂದಿನ ಪ್ರಶ್ನೆಯಲ್ಲಿ: ಶೇ. 2.5 ಅಂದರೆ ಯಾವುದರ ಶೇ. 2.5?

ಒಂದು ಲೀಟರ್ ಗಾಜಿನ ಜಾಡಿ, ಅರ್ಧ ಕೆಜಿ ಕ್ಯಾರೆಟ್ ಇಟ್ಕೊಂಡು ಲೆಕ್ಕ ಹಾಕೋಣ. ಬೆರಳುದ್ದ ಕಡ್ಡಿ ಕಡ್ಡಿಯಾಗಿ ಹೆಚ್ಚಿ ನಿಲ್ಲಿಸಿದ್ರೆ, ಅದು ಮುಳುಗೋಕೆ ಸುಮಾರು ಅರ್ಧ ಲೀಟರ್ ನೀರು ಬೇಕಾಗುತ್ತೆ. ಬಹಳಷ್ಟು ವಿಡಿಯೋಗಳಲ್ಲಿ ಹೇಳೋದು ‘ನೀರಿಗೆ ಶೇ. 2.5 ಉಪ್ಪು ಹಾಕಿ’ ಅಂತ. 500 ಗ್ರಾಂ ನೀರಿಗೆ 12.5 ಗ್ರಾಂ. ಕೇಳೋಕೆ ಸರಿಯಾಗೇ ಇದೆ. ಆದರೆ ಉಪ್ಪು ನೀರಲ್ಲೇ ಕೂತಿರಲ್ಲ. ಕ್ಯಾರೆಟ್ಟಿನಲ್ಲೂ ಬಹುಪಾಲು ನೀರೇ ಇರೋದು. ಎರಡು ಮೂರು ದಿನದಲ್ಲಿ ಉಪ್ಪು ಒಳಗೆ ಹೋಗಿ, ಒಳಗಿನ ರಸ ಹೊರಗೆ ಬಂದು, ಎರಡೂ ಕಡೆ ಒಂದೇ ಮಟ್ಟಕ್ಕೆ ನಿಲ್ಲುತ್ತೆ. ಆಗ ಆ 12.5 ಗ್ರಾಂ ಹಂಚಿಹೋಗಿರೋದು ಒಂದು ಕೆಜಿಗೆ. ಅಂದರೆ ಜಾಡಿಯ ನಿಜವಾದ ಉಪ್ಪು ಶೇ. 1.25. ನೀವು ಎರಡೂವರೆ ಅಂದ್ಕೊಂಡು ಹಾಕಿದ್ದು ಅರ್ಧಕ್ಕೆ ಇಳಿದಿದೆ. ನಾಲ್ಕನೇ ದಿನ ಕ್ಯಾರೆಟ್ ಲೋಳೆಲೋಳೆ ಆಗಿ, ‘ನಮ್ಮ ಹವಾಮಾನಕ್ಕೆ ಇದೆಲ್ಲ ಆಗಲ್ಲ ಬಿಡಿ’ ಅಂತ ಸಿಂಕಿಗೆ ಸುರೀತಾರೆ. ಹವಾಮಾನದ ತಪ್ಪಲ್ಲ ಅದು, ಛೇದದ ತಪ್ಪು. ಭಾಗಿಸಬೇಕಾದ ಸಂಖ್ಯೆ ನೀರು ಮಾತ್ರ ಅಲ್ಲ, ನೀರು ಮತ್ತು ತರಕಾರಿ ಎರಡೂ ಸೇರಿ.

```
ಉಪ್ಪು = (ತರಕಾರಿ + ನೀರು) × 2.5 ÷ 100
      = (500 + 500) × 2.5 ÷ 100
      = 25 ಗ್ರಾಂ
```

ಇದಕ್ಕೆ ನೀರನ್ನ ಬೇರೆ ಅಳೆಯೋ ಗೋಜೂ ಬೇಡ. ಖಾಲಿ ಜಾಡಿಯನ್ನ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ಕ್ಯಾರೆಟ್ ತುಂಬಿ, ಅದು ಮುಳುಗೋವರೆಗೆ ಕಾಯಿಸಿ ಆರಿಸಿದ ನೀರು ಹುಯ್ಯಿರಿ. ಮೇಲೆ ಎರಡು ಬೆರಳಗಲ ಜಾಗ ಬಿಡಿ. ಈಗ ತಕ್ಕಡಿ ತೋರಿಸೋ ಸಂಖ್ಯೆಯನ್ನ 2.5ರಿಂದ ಗುಣಿಸಿ ನೂರರಿಂದ ಭಾಗಿಸಿ. ಬಂದಷ್ಟು ಉಪ್ಪು ತೂಗಿ, ನೀರನ್ನ ಒಂದು ಪಾತ್ರೆಗೆ ಬಗ್ಗಿಸಿಕೊಂಡು, ಅದರಲ್ಲಿ ಕರಗಿಸಿ, ವಾಪಸ್ ಜಾಡಿಗೆ ಹುಯ್ಯಿರಿ. ಮುಗೀತು. ಮೊದಲ ದಿನ ಆ ನೀರು ನೆಕ್ಕಿ ನೋಡಿದ್ರೆ ಕಡು ಉಪ್ಪು ಅನ್ನಿಸುತ್ತೆ, ಯಾಕಂದ್ರೆ 25 ಗ್ರಾಂ ಇನ್ನೂ ಅರ್ಧ ಲೀಟರಲ್ಲೇ ಇದೆ. ಗಾಬರಿಯಾಗಿ ಅದಕ್ಕೆ ನೀರು ಬೆರೆಸಬೇಡಿ. ಮೂರನೇ ದಿನ ಅದೇ ಸರಿಹೋಗಿರುತ್ತೆ.

ಚಮಚದ ಲೆಕ್ಕ ಕೇಳೋರಿಗೆ ನಾನು ಒಂದೇ ಮಾತು ಹೇಳೋದು. ಪುಡಿ ಉಪ್ಪು ಚಮಚದಲ್ಲಿ ಒತ್ತಾಗಿ ಕೂರುತ್ತೆ, ಕಲ್ಲುಪ್ಪು ಸಂದು ಬಿಟ್ಕೊಂಡು ಕೂರುತ್ತೆ. ಒಂದೇ ಚಮಚ, ಬೇರೆ ಬೇರೆ ತೂಕ. ಗ್ರಾಂ ತೋರಿಸೋ ಅಡುಗೆಮನೆ ತಕ್ಕಡಿಗೆ ಕೊಡೋ ದುಡ್ಡು ವಾರಾಂತ್ಯದ ಒಂದು ಹೊರಗಿನ ಊಟದ ಬಿಲ್ಲಿಗಿಂತ ಹೆಚ್ಚಾಗಲ್ಲ. ಅದನ್ನ ತರದೆ ‘ಹಿಮಾಲಯದ ಗುಲಾಬಿ ಉಪ್ಪೇ ಆಗಬೇಕು, ಅಯೋಡಿನ್ ಉಪ್ಪು ಹಾಕಿದ್ರೆ ಬ್ಯಾಕ್ಟೀರಿಯಾ ಸಾಯುತ್ತೆ’ ಅಂತ ಉಪದೇಶ ಮಾಡೋರನ್ನ ಕಂಡರೆ ನನಗೆ ನಗು ಬರುತ್ತೆ. ಅಯೋಡಿನ್ ಉಪ್ಪಲ್ಲೂ ಹುಳಿ ಚೆನ್ನಾಗೇ ಬರುತ್ತೆ, ಅದರಲ್ಲಿರೋ ಅಯೋಡಿನ್ ಅಷ್ಟು ಸಣ್ಣದು. ಹೆಚ್ಚೆಂದರೆ ಪುಡಿ ಉಪ್ಪಿಗೆ ಬೆರೆಸಿರೋ, ಗಂಟು ಕಟ್ಟದ ಹಾಗೆ ಮಾಡೋ ಪದಾರ್ಥದಿಂದ ನೀರು ಸ್ವಲ್ಪ ಮಬ್ಬಾಗಬಹುದು. ಯಾವ ಉಪ್ಪು ಅನ್ನೋದಲ್ಲ, ಎಷ್ಟು ಉಪ್ಪು ಅನ್ನೋದು ಪ್ರಶ್ನೆ.

ಎಲೆಕೋಸಿಗೆ ಲೆಕ್ಕ ಇನ್ನೂ ಸುಲಭ, ಯಾಕಂದ್ರೆ ಅದಕ್ಕೆ ನೀರೇ ಬೇಡ. ತನ್ನ ನೀರು ತಾನೇ ಬಿಡುತ್ತೆ. ಹುಣಸೂರು ಸಂತೆಯಿಂದ ಗಟ್ಟಿಯಾದ, ಕೈಗೆ ಭಾರ ಅನ್ನಿಸೋ ಕೋಸು ತಗೊಂಡು ಬಂದಿದ್ದೀರಿ ಅಂದ್ಕೊಳ್ಳಿ. ಹೊರಗಿನ ಎರಡು ಎಲೆ ತೆಗೆದು ಒಂದನ್ನ ಎತ್ತಿಡಿ, ಆಮೇಲೆ ಬೇಕಾಗುತ್ತೆ. ದಿಂಡು ತೆಗೆದು, ಸಣ್ಣಗೆ ಎಳೆ ಎಳೆಯಾಗಿ ಹೆಚ್ಚಿ ತೂಗಿದಾಗ 840 ಗ್ರಾಂ ಬಂತು. ಅದರ ಶೇ. 2.5 ಅಂದರೆ 21 ಗ್ರಾಂ. ಉಪ್ಪು ಚೆಲ್ಲಿ, ಐದು ನಿಮಿಷ ಕೈಯಲ್ಲಿ ಹಿಸುಕಿ, ಅರ್ಧ ಗಂಟೆ ಬಿಟ್ಟು, ಮತ್ತೆ ಹಿಸುಕಿ. ಮುಷ್ಟಿಯಲ್ಲಿ ಹಿಡಿದು ಹಿಂಡಿದ್ರೆ ನೀರು ಧಾರೆಯಾಗಿ ಇಳೀಬೇಕು. ಈಗ ಜಾಡಿಗೆ ಹಿಡಿ ಹಿಡಿಯಾಗಿ ತುಂಬಿ, ಪ್ರತಿ ಹಿಡಿಗೂ ಗಟ್ಟಿಯಾಗಿ ಒತ್ತಿ. ನಡುವೆ ಗಾಳಿ ಉಳೀಬಾರದು. ಪಾತ್ರೆಯಲ್ಲಿ ಉಳಿದ ನೀರನ್ನೂ ಸುರಿದುಬಿಡಿ, ಉಪ್ಪಿನ ಅರ್ಧ ಲೆಕ್ಕ ಅದರಲ್ಲೇ ಇದೆ. ಮಾರನೇ ದಿನದ ಹೊತ್ತಿಗೂ ಕೋಸು ಮುಳುಗದಿದ್ರೆ ಬರೀ ನೀರು ಹುಯ್ಯಬೇಡಿ. ಅದೇ ಶೇ. 2.5ರ ಉಪ್ಪುನೀರು ಮಾಡಿ, 100 ಗ್ರಾಂ ನೀರಿಗೆ 2.5 ಗ್ರಾಂನಂತೆ ಕರಗಿಸಿ, ಮುಳುಗೋವಷ್ಟು ಸೇರಿಸಿ. ಹಳೇ ಕೋಸಿನಲ್ಲಿ ಹೀಗಾಗೋದು ಜಾಸ್ತಿ, ಶೀತಲೀಕರಣದಲ್ಲಿ ಕೂತು ಕೂತು ನೀರು ಆರಿರುತ್ತೆ.

ಇನ್ನು ಭಾರದ ವಿಷಯ. ಜಾಡಿ ಹಾಳಾಗೋಕೆ ಉಪ್ಪಿನ ಲೆಕ್ಕದ ನಂತರದ ಕಾರಣ ಅಂದರೆ ತೇಲೋದು. ಎರಡನೇ ದಿನ ಗುಳ್ಳೆ ಏಳೋಕೆ ಶುರುವಾದಾಗ, ಆ ಗಾಳಿ ಎಳೆಗಳ ನಡುವೆ ಸಿಕ್ಕಿ ಇಡೀ ಕೋಸನ್ನ ಮೇಲಕ್ಕೆ ಎತ್ತುತ್ತೆ. ನೀರಿನ ಮೇಲೆ ತಲೆ ಹಾಕಿದ ಒಂದೇ ಒಂದು ಎಳೆ ಸಾಕು, ಬೂಷ್ಟಿಗೆ ಅದೇ ಮನೆ. ನಮಗೆ ಬೇಕಾದ ಬ್ಯಾಕ್ಟೀರಿಯಾಗೆ ಗಾಳಿ ಬೇಡ, ಬೂಷ್ಟಿಗೆ ಗಾಳಿ ಬೇಕೇ ಬೇಕು. ಆದ್ದರಿಂದ ಎತ್ತಿಟ್ಟ ಹೊರಗಿನ ಎಲೆಯನ್ನ ಮೇಲೆ ಮುಚ್ಚಿ, ಅಂಚನ್ನ ಒಳಗೆ ತುರುಕಿ, ಅದರ ಮೇಲೆ ಭಾರ ಇಡಿ. ಒಂದು ಕೆಜಿ ಕೋಸಿಗೆ ಕಾಲು ಕೆಜಿ ಭಾರ ಸಾಕು. ಜಾಡಿ ಬಾಯೊಳಗೆ ಹಿಡಿಯೋ ಸಣ್ಣ ಗಾಜಿನ ಬಟ್ಟಲು, ದಪ್ಪ ತಳದ ಗಾಜಿನ ಲೋಟ ಎಲ್ಲಾ ನಡೆಯುತ್ತೆ. ಅದೂ ಇಲ್ಲ ಅಂದರೆ ಆಹಾರಕ್ಕೆ ಬಳಸೋ ಜಿಪ್ ಚೀಲದಲ್ಲಿ ಉಪ್ಪುನೀರು ತುಂಬಿ ಇಡಿ. ಬರೀ ನೀರಲ್ಲ, ಉಪ್ಪುನೀರು. ಚೀಲ ಸೋರಿದ್ರೂ ಜಾಡಿಯ ಪ್ರಮಾಣ ಕೆಡಲ್ಲ.

ಹೊಳೆಯಿಂದ ತಂದ ಗುಂಡುಕಲ್ಲು ಇಡೋರೂ ಇದ್ದಾರೆ. ಇಡಬಹುದು, ಆದರೆ ಮೊದಲು ಅದರ ಮೇಲೆ ನಿಂಬೆರಸ ಹಿಂಡಿ ನೋಡಿ. ನೊರೆ ಬಂದರೆ ಅದು ಸುಣ್ಣದ ಕಲ್ಲು. ಜಾಡಿಯ ಹುಳಿಯನ್ನ ಅದು ತಿಂದುಹಾಕುತ್ತೆ, ಆ ಹುಳಿಯೇ ನಿಮ್ಮ ರಕ್ಷಣೆ. ನೊರೆ ಬರದ ಕರಿಕಲ್ಲಾದ್ರೆ ತಿಕ್ಕಿ ತೊಳೆದು, ಕಾಲು ಗಂಟೆ ನೀರಲ್ಲಿ ಕುದಿಸಿ ಬಳಸಿ. ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ ಇವು ಹತ್ತಿರವೂ ಬೇಡ. ಮುಚ್ಚಳವನ್ನ ಬಿಗಿಯಾಗಿ ತಿರುಗಿಸಬೇಡಿ, ಒಳಗಿನ ಗಾಳಿಗೆ ದಾರಿ ಬೇಕು. ಬಿಗಿ ಮುಚ್ಚಳವೇ ಆದರೆ ಬೆಳಗ್ಗೆ ಸಂಜೆ ಒಂದು ಸಲ ಸಡಿಲಿಸಿ ಮತ್ತೆ ಮುಚ್ಚಿ. ಜಾಡಿ ಕೆಳಗೆ ಒಂದು ತಟ್ಟೆ ಇಡಿ, ಮೊದಲ ಮೂರು ದಿನ ಉಕ್ಕೋದು ಸಹಜ.

ಇಲ್ಲಿಗೆ ಇನ್ನೊಂದು ಜಗಳ ಇದೆ. ಪುಸ್ತಕಗಳಲ್ಲಿ ‘ನಾಲ್ಕು ವಾರ ಬಿಡಿ’ ಅಂತ ಇರುತ್ತೆ. ಆ ಅಂಕಿ ಬಂದಿರೋದು ಚಳಿ ದೇಶಗಳಿಂದ. ನ್ಯೂಯಾರ್ಕ್ ರಾಜ್ಯದ ಜಿನೀವಾ ಅನ್ನೋ ಊರಿನ ಕೃಷಿ ಪ್ರಯೋಗ ಕೇಂದ್ರದಲ್ಲಿ ಕಾರ್ಲ್ ಪೆಡರ್ಸನ್ ಎಂಬ ವಿಜ್ಞಾನಿ ದಶಕಗಳ ಕಾಲ ಹುಳಿಕೋಸಿನ ಮೇಲೇ ಕೆಲಸ ಮಾಡಿದರು. ಶೇ. 2.25 ಉಪ್ಪು, 18 ಡಿಗ್ರಿ ಸೆಲ್ಸಿಯಸ್ ಶಾಖ, ಸುಮಾರು 20 ದಿನ ಅನ್ನೋದು ಅಲ್ಲಿನ ಒಳ್ಳೇ ಹುಳಿಕೋಸಿನ ಲೆಕ್ಕ. ಮೈಸೂರು ಸೀಮೆಯಲ್ಲಿ 18 ಡಿಗ್ರಿ ಸಿಗೋದು ಚಳಿಗಾಲದ ರಾತ್ರಿಗಳಲ್ಲಿ. ಏಪ್ರಿಲ್ಲಿನಲ್ಲಿ ಅಡುಗೆಮನೆ 30 ಡಿಗ್ರಿ ಮುಟ್ಟುತ್ತೆ. 32 ಡಿಗ್ರಿ ಹತ್ತಿರ ಅದೇ ಕೋಸು ಎಂಟು ಹತ್ತು ದಿನಕ್ಕೆ ಮುಗಿದುಹೋಗುತ್ತೆ. ಅವರ ನಾಲ್ಕು ವಾರವನ್ನ ನಮ್ಮ ಬೇಸಿಗೆಯಲ್ಲಿ ಪಾಲಿಸಿದ್ರೆ ಸಿಗೋದು ಮೆತ್ತಗಿನ ಹುಳಿ ಗಂಜಿ.

ಇದಕ್ಕೆ ಕಾರಣವೂ ಇದೆ. ಜಾಡಿಯೊಳಗೆ ಒಬ್ಬನೇ ಕೆಲಸ ಮಾಡಲ್ಲ, ಪಾಳಿ ಮೇಲೆ ಕೆಲಸ ನಡೆಯುತ್ತೆ. ಮೊದಲ ಪಾಳಿ ಲ್ಯೂಕೊನೋಸ್ಟಾಕ್ ಅನ್ನೋ ಗುಂಪಿನದು. ಗುಳ್ಳೆ ಎಬ್ಬಿಸಿ ಗಾಳಿಯನ್ನ ಹೊರದೂಡೋದು, ಪರಿಮಳ ಕೊಡೋದು ಇವೇ. ಹುಳಿ ಏರಿದ ಹಾಗೆ ಇವು ಸುಮ್ಮನಾಗಿ, ಹೆಚ್ಚು ಹುಳಿ ತಡೆಯೋ ಲ್ಯಾಕ್ಟೊಬ್ಯಾಸಿಲಸ್ ಜಾತಿಯವು ಎರಡನೇ ಪಾಳಿಗೆ ಬರ್ತವೆ. ತಂಪಿನಲ್ಲಿ ಮೊದಲ ಪಾಳಿ ನಿಧಾನವಾಗಿ, ಪೂರ್ತಿಯಾಗಿ ನಡೆಯುತ್ತೆ. ಸೆಖೆಯಲ್ಲಿ ಅದು ಬೇಗ ಮುಗಿದು, ಬರೀ ಚುರುಕು ಹುಳಿ ಉಳಿಯುತ್ತೆ. ಹಾಗಾಗಿ ನಮ್ಮ ಕಡೆಗೆ ನಾನು ಹೇಳೋ ಲೆಕ್ಕ ಇದು: ಜೂನ್‌ನಿಂದ ಫೆಬ್ರವರಿವರೆಗೆ ಶೇ. 2.5, ಮಾರ್ಚ್‌ನಿಂದ ಮೇವರೆಗೆ ಶೇ. 3. ಮನೆಯ ಅತಿ ತಂಪಾದ ಮೂಲೆ ಹುಡುಕಿ, ಒಲೆ ಪಕ್ಕ, ಫ್ರಿಜ್ ಮೇಲೆ ಬೇಡ. ಅಗಲವಾದ ತಟ್ಟೆಯಲ್ಲಿ ನೀರಿಟ್ಟು ಅದರಲ್ಲಿ ಜಾಡಿ ನಿಲ್ಲಿಸಿ, ಒದ್ದೆ ಬಟ್ಟೆ ಸುತ್ತಿದ್ರೆ ಒಂದೆರಡು ಡಿಗ್ರಿ ಇಳಿಯುತ್ತೆ. ಬೇಸಿಗೆಯಲ್ಲಿ ಐದನೇ ದಿನದಿಂದ, ಚಳಿಗಾಲದಲ್ಲಿ ಹತ್ತನೇ ದಿನದಿಂದ ರುಚಿ ನೋಡ್ತಾ ಹೋಗಿ. ನಿಮಗೆ ಹಿಡಿಸೋ ಹುಳಿ ಬಂದ ದಿನ ಫ್ರಿಜ್ಜಿಗೆ. ‘ರುಚಿಗೆ ತಕ್ಕಷ್ಟು’ ಅನ್ನೋ ಮಾತು ಸಲ್ಲೋದು ಇಲ್ಲಿ, ದಿನಗಳ ಲೆಕ್ಕದಲ್ಲಿ, ಉಪ್ಪಿನಲ್ಲಲ್ಲ.

ಸರಿಯಾಗಿ ಆಗ್ತಿದೆ ಅಂತ ತಿಳಿಯೋದು ಹೇಗೆ? ಜಾಡಿಯೇ ಹೇಳುತ್ತೆ. ಒಂದೆರಡು ದಿನದಲ್ಲಿ ಗುಳ್ಳೆ ಏಳುತ್ತೆ, ಭಾರವನ್ನ ಬೆರಳಲ್ಲಿ ಒತ್ತಿದ್ರೆ ಬುಳುಬುಳು ಅಂತ ಹೊರಗೆ ಬರುತ್ತೆ. ಮೂರನೇ ದಿನದ ಹೊತ್ತಿಗೆ ತಿಳಿನೀರು ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಗುತ್ತೆ. ತಳದಲ್ಲಿ ಬಿಳಿ ಪುಡಿಯಂಥದ್ದು ಕೂರುತ್ತೆ. ಈ ಮಬ್ಬು, ಈ ಪುಡಿ ಕಂಡು ಕೆಟ್ಟಿತು ಅಂತ ಚೆಲ್ಲೋರು ಬಹಳ. ಅದು ಕೆಟ್ಟಿರೋದಲ್ಲ, ಬ್ಯಾಕ್ಟೀರಿಯಾ ಬೆಳೆದಿರೋದು, ನೀವು ಕೇಳಿದ್ದೇ ಅದನ್ನ. ಕೋಸಿನ ಬಿಳಿ ಹಸಿರು ಬಣ್ಣ ಮಾಸಿ ತಿಳಿ ಹಳದಿಗೆ ತಿರುಗಿ, ಎಳೆ ಅರೆಪಾರದರ್ಶಕ ಆಗುತ್ತೆ. ಕ್ಯಾರೆಟ್ ಬಣ್ಣ ಬಿಡಲ್ಲ. ಮೊದಲ ಎರಡು ದಿನ ಕೋಸಿನಿಂದ ಗಂಧಕದ ವಾಸನೆ ಬರುತ್ತೆ, ಬೇಯಿಸಿದಾಗ ಬರೋ ತರಹದ್ದೇ, ಅದು ಹೋಗುತ್ತೆ. ಐದನೇ ದಿನಕ್ಕೆ ಮೂಗಿಗೆ ಹುಳಿ ಮಜ್ಜಿಗೆಯಂಥ ಶುದ್ಧ ಹುಳಿ ಬರಬೇಕು. ಕಚ್ಚಿದ್ರೆ ಕರುಂ ಅನ್ನಬೇಕು.

ಕಣ್ಣು ಮೂಗಿನ ಮೇಲೆ ನಂಬಿಕೆ ಇಲ್ಲದವರಿಗೆ ಪಿಎಚ್ ಪಟ್ಟಿ ಇದೆ. ಪ್ರಯೋಗಾಲಯದ ಸಾಮಾನು ಮಾರೋ ಅಂಗಡಿಯಲ್ಲಿ ಸಿಗುತ್ತೆ. ಬೊಟುಲಿಸಂ ತರೋ ಬ್ಯಾಕ್ಟೀರಿಯಾ ಪಿಎಚ್ 4.6ಕ್ಕಿಂತ ಕೆಳಗೆ ಬೆಳೆಯಲ್ಲ, ಆಹಾರ ಸುರಕ್ಷತೆಯ ಗೆರೆ ಅಲ್ಲಿದೆ. ಚೆನ್ನಾಗಿ ಹುಳಿ ಬಂದ ಜಾಡಿ 4ಕ್ಕಿಂತಲೂ ಕೆಳಗೆ ಇಳಿದಿರುತ್ತೆ. ವಾರ ಕಳೆದ ಮೇಲೂ 4.6ರ ಮೇಲೇ ನಿಂತಿದ್ರೆ, ಎಷ್ಟೇ ಚೆನ್ನಾಗಿ ಕಂಡರೂ ಅದನ್ನ ತಿನ್ನಬೇಡಿ.

ಕೆಟ್ಟದ್ದರ ಗುರುತುಗಳಲ್ಲಿ ಎಲ್ಲರೂ ಗೊಂದಲ ಮಾಡ್ಕೊಳ್ಳೋದು ಪೊರೆ ಮತ್ತು ಬೂಷ್ಟಿನ ನಡುವೆ. ನೀರಿನ ಮೇಲೆ ತೆಳ್ಳಗೆ, ಸುಕ್ಕುಸುಕ್ಕಾಗಿ, ಹಾಲಿನ ಕೆನೆಯ ಹಾಗೆ ಬಿಳಿ ಪೊರೆ ಕಟ್ಟಿದ್ರೆ ಅದು ಕಾಡು ಯೀಸ್ಟು. ಅಪಾಯವಿಲ್ಲ, ಆದರೆ ರುಚಿ ಕೆಡಿಸುತ್ತೆ. ಚಮಚದಲ್ಲಿ ತೆಗೆದು, ಜಾಡಿಯ ಕತ್ತು ಒರೆಸಿ, ಭಾರ ಸರಿ ಮಾಡಿ, ಮುಂದುವರಿಸಿ. ತುಪ್ಪಳದ ಹಾಗೆ ಕೂದಲೆದ್ದು ಹಸಿರು, ಕಪ್ಪು, ನೀಲಿ ಬಣ್ಣ ಕಂಡರೆ ಅದು ಬೂಷ್ಟು. ‘ಮೇಲಿಂದ ತೆಗೆದು ಕೆಳಗಿಂದ ತಿಂದ್ರಾಯ್ತು’ ಅನ್ನೋ ಮಿತವ್ಯಯ ಇಲ್ಲಿ ಬೇಡ, ಜಾಡಿ ಪೂರ್ತಿ ಚೆಲ್ಲಿ. ಕೋಸು ಗುಲಾಬಿ ಬಣ್ಣಕ್ಕೆ ತಿರುಗಿದ್ರೆ ಉಪ್ಪು ಒಂದು ಕಡೆ ಹೆಚ್ಚಾಗಿ, ಸರಿಯಾಗಿ ಬೆರೆಯದೆ, ಬೇಡದ ಯೀಸ್ಟು ಬೆಳೆದಿದೆ ಅಂತ ಅರ್ಥ, ಅದೂ ಚೆಲ್ಲೋದೇ. ಕೈಗೆ ಲೋಳೆ ಹತ್ತಿ, ಕೊಳೆತ ವಾಸನೆ ಬಂದರೆ ಉಪ್ಪು ಕಮ್ಮಿಯಾಗಿದೆ, ಇಲ್ಲಾ ಸೆಖೆ ಹೆಚ್ಚಾಗಿದೆ. ಮುಂದಿನ ಸಲ ಲೆಕ್ಕ ತಿದ್ದಿ. ಇದಕ್ಕೇ ನಾನು ಜಾಡಿಗೆ ಒಂದು ಚೀಟಿ ಅಂಟಿಸೋದು: ತಾರೀಖು, ತೂಕ, ಉಪ್ಪು. ಕೆಟ್ಟಾಗ ಯಾಕೆ ಅಂತ ಹೇಳೋದು ಆ ಚೀಟಿ ಮಾತ್ರ. ಅಂದಾಜಿನಲ್ಲಿ ಮಾಡಿದವರಿಗೆ ಕೆಟ್ಟರೂ ಕಾರಣ ಗೊತ್ತಾಗಲ್ಲ, ಚೆನ್ನಾಗಿ ಬಂದರೂ ಇನ್ನೊಮ್ಮೆ ಮಾಡೋಕೆ ಬರಲ್ಲ.

ಕೊನೆಗೆ, ಈ ಜಾಡಿಯನ್ನ ಔಷಧಿ ಅಂತ ಮಾರೋರ ಬಗ್ಗೆ ಒಂದು ಮಾತು. ಕೋಸಿನ ಬೆಲೆಯ ಹತ್ತಾರು ಪಟ್ಟು ಹಾಕಿ, ‘ಪ್ರೋಬಯೋಟಿಕ್, ದಿನಾ ಒಂದು ಬಟ್ಟಲು ತಿನ್ನಿ’ ಅಂತ ಬರೆದಿರ್ತಾರೆ. ಅದೇ ಚೀಟಿಯಲ್ಲಿ ವಿನೆಗರ್ ಅಂತ ಇದ್ದರೆ ಅದರ ಹುಳಿ ಸುರಿದ ಹುಳಿ, ಜಾಡಿಯಲ್ಲಿ ಬಂದ ಹುಳಿಯಲ್ಲ. ಬಿಸಿ ಮಾಡಿ ಮುಚ್ಚಿದ ಡಬ್ಬಿಯಾದ್ರೆ ಒಳಗೆ ಜೀವಂತ ಬ್ಯಾಕ್ಟೀರಿಯಾ ಉಳಿದಿರಲ್ಲ. ಇನ್ನು ಬಟ್ಟಲಿನ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಮ್ಮಿ ಉಪ್ಪು. ಶೇ. 2.5ರ ಕೋಸು 50 ಗ್ರಾಂ ತಿಂದರೆ ಒಂದೂಕಾಲು ಗ್ರಾಂ ಉಪ್ಪು ಹೊಟ್ಟೆಗೆ ಹೋಯ್ತು, ದಿನದ ಪಾಲಿನಲ್ಲಿ ಕಾಲು ಭಾಗ. ನೂರು ಗ್ರಾಂ ಬಟ್ಟಲಾದ್ರೆ ಅರ್ಧ ಭಾಗ. ಮೇಲೆ ಸಾರು, ಪಲ್ಯ, ಹಪ್ಪಳ ಇದ್ದೇ ಇರುತ್ತೆ. ಮನೆಯಲ್ಲಿ ಬಿಪಿ ಇರೋ ಅಪ್ಪನಿಗೆ ‘ಆರೋಗ್ಯಕ್ಕೆ ಒಳ್ಳೇದಂತೆ’ ಅಂತ ಬಟ್ಟಲು ತುಂಬಾ ಬಡಿಸೋ ಮುಂಚೆ ಈ ಗುಣಾಕಾರ ಮಾಡಿ. ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನ ಕೇಳದೆ ಮುಟ್ಟಬೇಡಿ. ಮಿಕ್ಕವರಿಗೆ ಅನ್ನ ಮೊಸರಿನ ಪಕ್ಕ ಎರಡು ಚಮಚ, ಉಪ್ಪಿನಕಾಯಿ ಬಡಿಸೋ ಹಾಗೆ ಎಲೆಯ ತುದಿಗೆ, ಸಾಕು. ಅಲ್ಲಿ ಇದು ಉಪ್ಪಿನಕಾಯಿಗಿಂತ ಎಷ್ಟೋ ಕಮ್ಮಿ ಉಪ್ಪಿನದು, ಎಣ್ಣೆ ಇಲ್ಲದ್ದು, ತಿನ್ನೋಕೆ ಗರಿಗರಿ.

ಅದಕ್ಕೂ ಮುಂಚೆ ತಕ್ಕಡಿ ತನ್ನಿ. ಬ್ಯಾರನ್ ಮುಂದೆ ಥರ್ಮಾಮೀಟರ್ ಹಿಡಿದು ರಾತ್ರಿ ಕಳೆಯೋ ರೈತನಿಗೆ ಅಳತೆ ಅವಮಾನ ಅನ್ನಿಸಿಲ್ಲ. ಹತ್ತನೇ ಮಹಡಿಯ ಅಡುಗೆಮನೆಯಲ್ಲಿ ನಮಗ್ಯಾಕೆ ಅನ್ನಿಸಬೇಕು?